ತಾಯಿ ಹಾಲು ಸಾಲದಾಗ: ದಾನಿ ಹಾಲೋ, ಫಾರ್ಮುಲಾನೋ?

28 ವಾರಕ್ಕೇ ಹುಟ್ಟಿದ, ಒಂದು ಕೆಜಿ ತೂಕದ ಮಗು ಅಂದುಕೊಳ್ಳಿ. ಕರುಳು ಇನ್ನೂ ಬಲಿತಿಲ್ಲ. ಕರುಳಿನ ಗೋಡೆಯೇ ಕೊಳೆಯುವ ಎನ್‌ಇಸಿ ಕಾಯಿಲೆಯ ಭಯ ಇಂಥವರಿಗೇ ಜಾಸ್ತಿ.

ಅಮ್ಮನ ಹಾಲಿಗೆ ಸಾಟಿ ಇಲ್ಲ. ಅದರಲ್ಲಿರುವ, ರೋಗಾಣುಗಳನ್ನು ತಡೆಯುವ ಐಜಿಎ, ಲ್ಯಾಕ್ಟೋಫೆರಿನ್ ಎಂಬ ಪ್ರೋಟೀನ್‌ಗಳು ಕರುಳನ್ನು ಕಾಯುತ್ತವೆ. ಬೇರೆ ತಾಯಂದಿರು ಕೊಟ್ಟ ದಾನಿ ಹಾಲನ್ನು, ರೋಗಾಣು ಸಾಯಲೆಂದು 62.5 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾಯಿಸುವುದರಿಂದ ಇವು ಒಂದಷ್ಟು ಹಾಳಾಗುತ್ತವೆ. ಆದರೆ ಒಳ್ಳೆಯ ಬ್ಯಾಕ್ಟೀರಿಯಾ ಬೆಳೆಸುವ ಸಕ್ಕರೆಗಳು ಉಳಿಯುತ್ತವೆ.

ಫಾರ್ಮುಲಾದಲ್ಲಿ ತೂಕ ಬೇಗ ಏರುತ್ತದೆ, ನಿಜ. ಆದರೆ ದಾನಿ ಹಾಲಿಗಿಂತ ಎನ್‌ಇಸಿ ಅಪಾಯ ಹೆಚ್ಚುಕಡಿಮೆ ಎರಡರಷ್ಟು. ಇಷ್ಟು ಪುಟ್ಟ ಮಗುವಿಗಾದರೆ ನನ್ನ ಆಯ್ಕೆ ದಾನಿ ಹಾಲೇ. ತೂಕಕ್ಕೆ ವೈದ್ಯರು ಹೆಚ್ಚಿನ ಪೋಷಕಾಂಶ ಕೊಡುವ ಫೋರ್ಟಿಫೈಯರ್ ಬೆರೆಸುತ್ತಾರೆ, ಅಲ್ವಾ?

ಯಾವ ಹಾಲಾದರೂ ಅಪಾಯ ಪೂರ್ತಿ ಹೋಗುವುದಿಲ್ಲ. ಹೊಟ್ಟೆ ಉಬ್ಬಿದರೆ, ಹಸಿರು ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ ತಕ್ಷಣ ಹಾಲು ನಿಲ್ಲಿಸಿ ಎಕ್ಸ್‌-ರೇ ತೆಗೆಯುತ್ತಾರೆ.