ಹೋದ ವರ್ಷದ ಸೈಜ್ ಬರೆದುಕೊಟ್ಟು ಶೂ ತರಿಸಬೇಡಿ

ಮಕ್ಕಳೇ, ಎಲ್ಲರಿಗೂ ನಮಸ್ಕಾರ. ಇವತ್ತು ಅಪ್ಪ ಅಮ್ಮಂದಿರೂ ಕೆಲವರು ಬಂದಿದ್ದೀರಿ, ಒಳ್ಳೇದೇ ಆಯ್ತು. ಶೂ ವಿಷಯದಲ್ಲಿ ನಮ್ಮ ಮನೆಯಲ್ಲೇ ಒಬ್ಬ ಹುಡುಗ ಪಟ್ಟ ಪಾಡನ್ನು ಹೇಳುತ್ತೇನೆ. ನಿಮಗ್ಯಾರಿಗೂ ಹಾಗೆ ಆಗಬಾರದು.

ಅವನು ನನ್ನ ಅಕ್ಕನ ಮಗ, ಬೇರೆ ಶಾಲೆಯಲ್ಲಿ ಆರನೇ ಕ್ಲಾಸು. ಅಲ್ಲಿ ಪುಸ್ತಕ, ಯೂನಿಫಾರ್ಮ್, ಶೂ ಎಲ್ಲ ಒಂದೇ ಕಡೆ ಆರ್ಡರ್ ಮಾಡಬೇಕು. ಮಾರ್ಚ್‌ನಲ್ಲೇ ಸೈಜ್ ಕೇಳಿದರು. ಹಳೇ ಶೂ ಮೇಲೆ 2 ಅಂತ ಇತ್ತು, ಅದನ್ನೇ ಬರೆದುಕೊಟ್ಟರು. ಕಾಲಿಗೆ ಹಾಕಿ ನೋಡುವ ಅವಕಾಶವೇ ಇರಲಿಲ್ಲ. ಜೂನ್‌ನಲ್ಲಿ ಶೂ ಬಂತು, ಬಿಗಿ ಇತ್ತು. ಬದಲಾಯಿಸಿ ಅಂದರೆ ಅಂಗಡಿಯವರು, "ಹಾಕ್ತಾ ಹಾಕ್ತಾ ಲೂಸ್ ಆಗುತ್ತೆ ಬಿಡಿ" ಅಂದರು.

ಈ ಮಾತನ್ನು ಯಾರು ಹೇಳಿದರೂ ನಂಬಬೇಡಿ. ಚರ್ಮದ ಶೂ ಅಗಲಕ್ಕೆ ಸ್ವಲ್ಪ ಬಿಡುತ್ತದೆ, ನಿಜ. ಆದರೆ ಸ್ಕೂಲ್ ಶೂಗಳು ಜಾಸ್ತಿ ರೆಕ್ಸಿನ್‌ನವು, ಅವು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಉದ್ದವಂತೂ ಯಾವ ಶೂನಲ್ಲೂ ಹೆಚ್ಚುವುದಿಲ್ಲ.

ಹುಡುಗ ನೋವು ಅಂತ ಬಾಯಿಬಿಡಲಿಲ್ಲ. ಮಕ್ಕಳ ಪಾದದ ಮೂಳೆ ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಬಿಗಿ ಶೂ ಒಳಗೆ ಬೆರಳು ಮಡಚಿಕೊಂಡು ಹೇಗೋ ಹೊಂದಿಕೊಂಡುಬಿಡುತ್ತದೆ. ಅದಕ್ಕೇ ಮಗು ಹೇಳುವವರೆಗೆ ಕಾಯಬಾರದು, ಸಾಕ್ಸ್ ಬಿಚ್ಚಿಸಿ ನೋಡಬೇಕು. ಇವನ ಎರಡೂ ಹೆಬ್ಬೆರಳ ಪಕ್ಕ ಕೆಂಪು ಗೆರೆ ಇತ್ತು. ಸಾಕ್ಸ್ ತುದಿ ತೂತಾಗಿತ್ತು. ಕ್ಲಾಸಿನಲ್ಲಿ ಬೆಂಚಿನ ಕೆಳಗೆ ಶೂ ಬಿಚ್ಚಿಟ್ಟು ಕೂರುತ್ತಿದ್ದನಂತೆ.

ಆಮೇಲೆ ಮಳೆ ಶುರುವಾಯ್ತು. ಒದ್ದೆ ಸಾಕ್ಸ್‌ನಲ್ಲಿ ಇಡೀ ದಿನ ಇದ್ದರೆ ಚರ್ಮ ಮೆತ್ತಗಾಗುತ್ತದೆ. ಉಗುರಿನ ಅಂಚು ಮಾಂಸದೊಳಗೆ ಇಳಿದು ಬಲಗಾಲಿನ ಹೆಬ್ಬೆರಳು ಕೀವು ತುಂಬಿಕೊಂಡಿತು. ಡಾಕ್ಟರು ಬೆರಳು ಮರಗಟ್ಟಲು ಇಂಜೆಕ್ಷನ್ ಕೊಟ್ಟು ಉಗುರಿನ ಒಂದು ಅಂಚನ್ನೇ ಕತ್ತರಿಸಿ ತೆಗೆದರು. ಆ ಇಂಜೆಕ್ಷನ್‌ಗೆ ಅವನು ಅತ್ತಿದ್ದು ನನಗಿನ್ನೂ ಸಂಕಟ. ಖೋ ಖೋ ಟೀಮಿನಲ್ಲಿದ್ದ ಹುಡುಗ, ಪಂದ್ಯದ ದಿನ ಹೊರಗೆ ಕೂತು ನೋಡಿದ. ಡಾಕ್ಟರು ಇನ್ನೊಂದು ಮಾತು ಹೇಳಿದರು: ಕಾಲುಗುರನ್ನು ನೇರವಾಗಿ ಕತ್ತರಿಸಿ, ಮೂಲೆಗಳನ್ನು ದುಂಡಗೆ ಆಳವಾಗಿ ತೆಗೆಯಬೇಡಿ.

ಗಾಯ ಮಾಗಿದ ಮೇಲೆ ಭಾವ ಸೈಜ್ 4 ತಂದರು. ಬೆಳೆಯೋ ಕಾಲು, ಎರಡು ವರ್ಷ ಬರಲಿ ಅಂತ. ಮುಂದೆ ಹತ್ತಿ ತುರುಕಿ ಹಾಕಿಸಿದರು. ಅದೂ ಸರಿಹೋಗಲಿಲ್ಲ. ದೊಡ್ಡ ಶೂನಲ್ಲಿ ಹಿಮ್ಮಡಿ ನಿಲ್ಲುವುದಿಲ್ಲ, ಹೆಜ್ಜೆ ಹೆಜ್ಜೆಗೂ ಪಾದ ಮುಂದಕ್ಕೆ ಜಾರಿ ಬೆರಳು ಮತ್ತೆ ತುದಿಗೇ ಬಡಿಯುತ್ತದೆ. ಹಿಮ್ಮಡಿಯಲ್ಲಿ ಬೊಬ್ಬೆ ಬೇರೆ ಎದ್ದಿತು.

ಕೊನೆಗೆ ಸರಿಯಾಗಿ ಅಳೆದೆವು. ಸಂಜೆ ಹೊತ್ತು, ಸಾಕ್ಸ್ ಹಾಕಿಸಿ. ಸಂಜೆಗೆ ಪಾದ ತುಸು ಊದಿರುತ್ತದೆ. ಹಿಮ್ಮಡಿ ಗೋಡೆಗೆ ತಾಗಿಸಿ ಹಾಳೆ ಮೇಲೆ ನಿಲ್ಲಿಸಿದೆವು. ಕೂತು ಅಳೆದರೆ ಕಡಿಮೆ ಬರುತ್ತದೆ, ನಿಂತಾಗ ಭಾರಕ್ಕೆ ಪಾದ ಹರಡುತ್ತದೆ. ಅತಿ ಉದ್ದದ ಬೆರಳಿನ ತುದಿಗೆ ಗುರುತು ಹಾಕಿದೆವು. ಕೆಲವರಿಗೆ ಹೆಬ್ಬೆರಳಿಗಿಂತ ಎರಡನೇ ಬೆರಳು ಉದ್ದ ಇರುತ್ತದೆ, ಅದನ್ನು ಗಮನಿಸಿ. ಎಡಗಾಲು 22.2 ಸೆಂಟಿಮೀಟರ್, ಬಲಗಾಲು 22.4. ದೊಡ್ಡ ಕಾಲೇ ಲೆಕ್ಕ.

ಶೂ ಒಳಗಿನ ಅಟ್ಟೆಯನ್ನು ಎಳೆದು ತೆಗೆದು ಅದನ್ನೂ ಅಳೆದೆವು. ಸೈಜ್ 2ರದು 22.8 ಸೆಂಟಿಮೀಟರ್. ಅಂದರೆ ಬೆರಳ ಮುಂದೆ ಉಳಿದ ಜಾಗ ಬರೀ 4 ಮಿಲಿಮೀಟರ್. ಇರಬೇಕಾದದ್ದು ಹೆಚ್ಚುಕಡಿಮೆ 10ರಿಂದ 12. ಸೈಜ್ 4ರಲ್ಲಿ 2 ಸೆಂಟಿಮೀಟರ್‌ಗಿಂತ ಜಾಸ್ತಿ ಖಾಲಿ. ನಮ್ಮಲ್ಲಿ ಸಿಗುವ ಶೂಗಳಲ್ಲಿ ಒಂದು ಸೈಜಿಗೂ ಇನ್ನೊಂದಕ್ಕೂ ಸುಮಾರು 8.5 ಮಿಲಿಮೀಟರ್ ವ್ಯತ್ಯಾಸ. ಹಾಗಾಗಿ 3 ಸರಿಹೋಯಿತು. ಆದರೂ ಸೈಜ್ ನಂಬರನ್ನೇ ನಂಬಬೇಡಿ, ಒಂದೊಂದು ಕಂಪನಿಯದು ಒಂದೊಂದು ಥರ.

ಅಟ್ಟೆ ಅಂಟಿಸಿಬಿಟ್ಟಿದ್ದರೆ ಒಂದು ಉಪಾಯ ಇದೆ. ಪಾದಕ್ಕಿಂತ 1 ಸೆಂಟಿಮೀಟರ್ ಉದ್ದದ ರಟ್ಟಿನ ಪಟ್ಟಿ ಕತ್ತರಿಸಿ ಶೂ ಒಳಗೆ ಇಡಿ. ಅದು ಬಗ್ಗದೆ ಚಪ್ಪಟೆಯಾಗಿ ಕೂತರೆ ಉದ್ದ ಸಾಕು. ಅಗಲ ಮಾತ್ರ ಹಾಕಿಕೊಂಡೇ ನೋಡಬೇಕು. ಲೇಸ್ ಕಟ್ಟಿ ಅಂಗಡಿಯಲ್ಲೇ ನಡೆದು ನೋಡಿ. ಬೆರಳು ಆಡಿಸಲು ಬರಬೇಕು, ಹಿಮ್ಮಡಿ ಮೇಲೆ ಏಳಬಾರದು.

ಮೂರು ನಾಲ್ಕು ತಿಂಗಳಿಗೊಮ್ಮೆ ಮತ್ತೆ ಅಳೆಯಿರಿ, ದಸರಾ ರಜೆ ಅದಕ್ಕೆ ಸರಿಯಾದ ಹೊತ್ತು. ಈ ಶನಿವಾರ ಪಿ.ಟಿ. ಪೀರಿಯಡ್‌ನಲ್ಲಿ ಸ್ಟಾಫ್ ರೂಮಿನ ಗೋಡೆ ಪಕ್ಕ ಹಾಳೆ, ಸ್ಕೇಲ್ ಇಟ್ಟಿರುತ್ತೇನೆ. ಶೂ ಬಿಗಿ ಅನ್ನಿಸುವವರು, ಉಗುರು ನೋಯುತ್ತಿರುವವರು ಸಂಕೋಚ ಬಿಟ್ಟು ಬನ್ನಿ. ಬೆರಳು ಊದಿದ್ದರೆ ಮಾಗುವವರೆಗೆ ಚಪ್ಪಲಿಯಲ್ಲೇ ಬನ್ನಿ, ನಿಮ್ಮ ಕ್ಲಾಸ್ ಟೀಚರ್‌ಗೆ ನಾನು ಹೇಳುತ್ತೇನೆ.