ತಂಗಳು ಮುದ್ದೆ: ಹುಳಿ ಬಂದದ್ದೋ, ಹಳಸಿದ್ದೋ?

ರಾತ್ರಿ ಉಳಿದ ಮುದ್ದೆಯನ್ನು ಪಾತ್ರೆಯಲ್ಲಿ ಹಾಗೇ ಬಿಡುವುದಕ್ಕಿಂತ ನೀರಲ್ಲಿ ನೆನೆಹಾಕುವುದೇ ಮೇಲು. ಬೇಗ ಆರಿಸಿ, ಕಿವುಚಿ, ಕುದಿಸಿ ಆರಿಸಿದ ನೀರನ್ನು ಮುಳುಗುವಷ್ಟು ಹಾಕಿ, 2 ಚಮಚ ಹುಳಿ ಮಜ್ಜಿಗೆ ಬೆರೆಸಿ ಮುಚ್ಚಿಡಿ. ಮಜ್ಜಿಗೆಯ ಬ್ಯಾಕ್ಟೀರಿಯಾ ಆಮ್ಲ ಹುಟ್ಟಿಸಿ, ಕೆಡಿಸುವ ಸೂಕ್ಷ್ಮಾಣುಗಳನ್ನು ಹತ್ತಿಕ್ಕುತ್ತದೆ. ಹಾಗೇ ಬಿಟ್ಟ ಉಂಡೆಗೆ ಆ ಕಾವಲಿಲ್ಲ. ಬೇಯಿಸಿದರೂ ಸಾಯದ ಬ್ಯಾಕ್ಟೀರಿಯಾ ಬೀಜಕಗಳು ಅದರ ಬೆಚ್ಚಗಿನ ಒಡಲಲ್ಲೇ ಮೊಳೆಯುತ್ತವೆ.

8–10 ಗಂಟೆ ನೆಂದದ್ದಕ್ಕೆ ಮಜ್ಜಿಗೆಯಂಥ ಹುಳಿ ವಾಸನೆ, ಸಣ್ಣ ಗುಳ್ಳೆ ಬರುವುದು ಸಹಜ. ಮುರಿದಾಗ ನೂಲಿನಂತೆ ಎಳೆಯುವ ಲೋಳೆ, ಕೊಳೆತ ನಾತ, ಹಸಿರು ಅಥವಾ ಕಪ್ಪು ಬೂಷ್ಟು ಕಂಡರೆ ಪೂರ್ತಿ ಚೆಲ್ಲಿ. ಮೇಲಿನ ಪದರ ತೆಗೆದರೆ ಸಾಲದು. ಮತ್ತೆ ಕುದಿಸುವುದೂ ದಾರಿಯಲ್ಲ, ಕೆಲವು ಬ್ಯಾಕ್ಟೀರಿಯಾ ಬಿಟ್ಟ ವಿಷ ಕುದಿಗೂ ಹೋಗುವುದಿಲ್ಲ. ಸೆಕೆಗಾಲದಲ್ಲಿ ಹೊರಗೆ ಬಿಟ್ಟ ಒಣ ಮುದ್ದೆಯನ್ನಂತೂ ವಾಸನೆ ಚೆನ್ನಾಗಿದೆಯೆಂದು ನಂಬಬೇಡಿ.