ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್: ನಾಲ್ಕು ವರ್ಷ ಕೊಂಡು ಮಾರಿದ್ಮೇಲೆ

ನಾಲ್ಕು ವರ್ಷದಿಂದ ಮೈಸೂರಲ್ಲಿ ಕೂತ್ಕೊಂಡು ಇದರಲ್ಲಿ ಕೊಳ್ತಾ ಮಾರ್ತಾ ಇದೀನಿ. ಮಗಳ ಸೈಕಲ್ಲು, ವಾಷಿಂಗ್ ಮೆಷಿನ್ನು, ಕಬ್ಬಿಣದ ಬೀರು, ಎಲ್ಲಾ ಇದರಲ್ಲೇ ಬಂದಿದ್ದು, ಇದರಲ್ಲೇ ಹೋಗಿದ್ದು. ಕಮಿಷನ್ ಇಲ್ಲ, ಲಿಸ್ಟಿಂಗ್ ಹಾಕೋಕೆ ಐದು ನಿಮಿಷ ಸಾಕು, ನಾಲ್ಕು ಫೋಟೋ, ರೇಟು, ಏರಿಯಾ, ಅಷ್ಟೇ. ಆದ್ರೆ ಒಂದು ತಲೇಲಿ ಇಟ್ಕೊಳ್ಳಿ, ನಮ್ಮಲ್ಲಿ ದುಡ್ಡು ಫೇಸ್‌ಬುಕ್‌ನವರ ಕೈ ಮೇಲೆ ಹೋಗಲ್ಲ, ನೀವು ಮತ್ತು ಎದುರಿಗಿರೋನು ಸೇರಿ ನೇರ ಕೊಟ್ಟು ತಗೊಳೋದು, ಹಂಗಾಗಿ ಮೋಸ ಆದ್ರೆ ರೀಫಂಡ್ ಅಂತ ಕೇಳೋಕೆ ಕೌಂಟರೇ ಇರಲ್ಲ.

ನಾನು ಮೊದಲು ನೋಡೋದು ಸೆಲ್ಲರ್ ಪ್ರೊಫೈಲು. ಲಿಸ್ಟಿಂಗ್ ಕೆಳಗೆ ಅವನ ಹೆಸರು ಒತ್ತಿದ್ರೆ ಅಕೌಂಟ್ ಯಾವ ವರ್ಷದ್ದು, ಬೇರೆ ಏನೇನು ಮಾರೋಕೆ ಇಟ್ಟಿದಾನೆ, ರೇಟಿಂಗ್ ಇದ್ರೆ ಅದೂ ಸಿಗುತ್ತೆ. ಹೋದ ತಿಂಗಳ ಅಕೌಂಟ್ ಆದ್ರೆ ಹುಷಾರಾಗಬೇಕು ಅನ್ನೋದು ಎಲ್ಲರಿಗೂ ಗೊತ್ತು, ಆದ್ರೆ ಹಳೇ ಅಕೌಂಟ್ ಅಂತ ನಂಬೋಕೂ ಆಗಲ್ಲ, ಯಾರದ್ದೋ ಪಾಸ್‌ವರ್ಡ್ ಕದ್ದು ಅದರಿಂದಾನೇ ಲಿಸ್ಟಿಂಗ್ ಹಾಕ್ತಾರೆ. ಅದಕ್ಕೇ ವರ್ಷಕ್ಕಿಂತ ಬೇರೆ ಲಿಸ್ಟಿಂಗ್‌ಗಳನ್ನ ನೋಡಿ. ಒಬ್ಬನೇ ಮನುಷ್ಯ ಅದೇ ಸ್ಕೂಟರನ್ನ ಮೈಸೂರಲ್ಲೂ ಹುಬ್ಬಳ್ಳೀಲೂ ಮಂಗಳೂರಲ್ಲೂ ಇಟ್ಟಿದಾನೆ ಅಂದ್ರೆ ಮುಗೀತು.

ನಮ್ಮ ಭಾವ ಸಿಕ್ಕಾಕೊಂಡಿದ್ದು ಹಿಂಗೇನೇ. ಮೂರೇ ವರ್ಷ ಓಡಿರೋ ಸ್ಕೂಟರ್, 22,000. ಹೊರಗಡೆ ಅದಕ್ಕೆ ಅರವತ್ತರ ಹತ್ರ ಕೇಳ್ತಾರೆ. ಮಾರೋನು ಆರ್ಮಿಯವನಂತೆ, ಟ್ರಾನ್ಸ್‌ಫರ್ ಆಗಿದೆಯಂತೆ, ಬಂದು ನೋಡೋಕೆ ಕ್ಯಾಂಪ್ ಒಳಗೆ ಬಿಡಲ್ವಂತೆ. ಯೂನಿಫಾರ್ಮ್ ಫೋಟೋ, ಐಡಿ ಕಾರ್ಡು, ಆಧಾರು, ಕೇಳದೇನೇ ಎಲ್ಲಾ ವಾಟ್ಸಾಪ್‌ಗೆ ಕಳಿಸ್ದ. ಫೋಟೋದಲ್ಲಿರೋ ಗಾಡಿಗೆ ತಮಿಳುನಾಡು ನಂಬರು, ಅದನ್ನ ಎಂ-ಪರಿವಾಹನ್ ಆ್ಯಪಲ್ಲಿ ಹಾಕಿದ್ರೆ ಮಾಡೆಲ್ಲು, ಯಾವ ಆರ್‌ಟಿಒ, ಯಾವಾಗ ರಿಜಿಸ್ಟರ್ ಆಗಿದ್ದು ಎಲ್ಲಾ ಬರ್ತಿತ್ತು, ಭಾವ ಹಾಕಲಿಲ್ಲ. ಡೆಲಿವರಿ ಚಾರ್ಜು ಅಂತ 2,150 ಕಟ್ಟಿಸ್ಕೊಂಡ. ಮಾರನೇ ದಿನ "ಗಾಡಿ ದಾರೀಲಿದೆ ಸಾರ್, ಇನ್ಶೂರೆನ್ಸ್ 5,999 ಹಾಕಿ, ಕೈಗೆ ಸಿಕ್ಕಿದ ತಕ್ಷಣ ವಾಪಸ್" ಅಂದ, ಅದನ್ನೂ ಹಾಕಿದ್ರು. ಮೂರನೇ ಸಲ ಜಿಎಸ್‌ಟಿ ಅಂದಾಗ ಅಕ್ಕ ಫೋನ್ ಕಿತ್ಕೊಂಡ್ಳು. ಹೋಗಿದ್ದು 8,149. ನಾಚಿಕೆಯಿಂದ ಎರಡು ದಿನ ಬಿಟ್ಟು ಸೈಬರ್ ಮೋಸದ ಹೆಲ್ಪ್‌ಲೈನ್ 1930ಕ್ಕೆ ಫೋನ್ ಮಾಡಿದ್ರು, ಅಷ್ಟೊತ್ತಿಗೆ ಆ ಅಕೌಂಟಲ್ಲಿ ಏನೂ ಉಳಿದಿರಲಿಲ್ಲ. ಆ ನಂಬರಿಗೆ ಆದಷ್ಟು ಬೇಗ ಮಾಡಿದ್ರೆ ದುಡ್ಡು ಮುಂದಕ್ಕೆ ಹೋಗೋದ್ರೊಳಗೆ ತಡೆ ಹಾಕ್ಸೋ ಚಾನ್ಸ್ ಇರುತ್ತೆ.

ಮಾರುವಾಗಲೂ ಮೋಸಗಾರರು ಗಂಟು ಬೀಳ್ತಾರೆ, ಅದು ಜನಕ್ಕೆ ಅಷ್ಟಾಗಿ ಗೊತ್ತಿಲ್ಲ. ನಾನು ಸೋಫಾನ 6,500ಕ್ಕೆ ಇಟ್ಟಿದ್ದೆ. ನಿಜವಾದ ಗಿರಾಕಿ ಹೆಂಗಿರ್ತಾನೆ ಅಂದ್ರೆ, ಮೊದಲು "Is this still available?" ಅಂತ ಆ ರೆಡಿಮೇಡ್ ಬಟನ್ ಒತ್ತಿ ಮಾಯ ಆಗ್ತಾನೆ, ಸಂಜೆ ಬಂದು "ಲಾಸ್ಟ್ ಎಷ್ಟು" ಅಂತಾನೆ, ಆಮೇಲೆ ತಿಗಣೆ ಇದೆಯಾ, ಲಿಫ್ಟ್ ಇದೆಯಾ, ನಾಲ್ಕಕ್ಕೆ ಕೊಡ್ತೀರಾ ಅಂತ ಪ್ರಾಣ ತಿಂತಾನೆ. ನನ್ನ ಸೋಫಾಗೆ ಬಂದ ಪುಣ್ಯಾತ್ಮ ಒಂದು ರೂಪಾಯಿನೂ ಚೌಕಾಸಿ ಮಾಡಲಿಲ್ಲ, ಸೋಫಾ ಎಷ್ಟು ಸೀಟಿಂದು ಅಂತಾನೂ ಕೇಳಲಿಲ್ಲ. "ಓಕೆ ಫೈನಲ್, ಟೆಂಪೋ ಕಳಿಸ್ತೀನಿ, ಪೇಮೆಂಟ್ ಈಗಲೇ ಮಾಡ್ತೀನಿ" ಅಂತ ಒಂದು ಕ್ಯೂಆರ್ ಕಳಿಸ್ದ, "ಸ್ಕ್ಯಾನ್ ಮಾಡಿ ಮೇಡಂ, ನಿಮ್ಮ ಅಕೌಂಟಿಗೆ ಬರುತ್ತೆ".

ಸುಮ್ನೆ ನೋಡೋಣ ಅಂತ ಸ್ಕ್ಯಾನ್ ಮಾಡ್ದೆ. ಸ್ಕ್ರೀನಲ್ಲಿ ಯಾವುದೋ ಹೆಸರು, ಕೆಳಗೆ 6,500, ಅದರ ಕೆಳಗೆ Pay ಬಟನ್ನು. ಒತ್ತಿದ್ರೆ ಪಿನ್ ಕೇಳುತ್ತೆ, ಪಿನ್ ಹಾಕಿದ್ರೆ ದುಡ್ಡು ನನ್ನಿಂದ ಅವನಿಗೆ. ಯುಪಿಐನಲ್ಲಿ ದುಡ್ಡು ಬರೋಕೆ ಪಿನ್ ಬೇಡವೇ ಬೇಡ, ಕೊಡೋಕೆ ಮಾತ್ರ ಬೇಕು. "ನನ್ನ ನಂಬರಿಗೇ ಹಾಕಿ, ಇಲ್ಲಾ ಟೆಂಪೋದವನ ಕೈಲಿ ಕ್ಯಾಶ್ ಕೊಡಿ" ಅಂದೆ. "ಬಿಸಿನೆಸ್ ಅಕೌಂಟು, ಹಂಗೆ ಆಗಲ್ಲ" ಅಂದ, ಎರಡು ಸಲ ಕಾಲ್ ಮಾಡಿ ಬೈದ, ಆಮೇಲೆ ಬ್ಲಾಕ್ ಮಾಡ್ದ. ಅವನೇ!

ಮಾರ್ಕೆಟ್‌ಪ್ಲೇಸ್ ಬಿಟ್ಟಿಲ್ಲ ನಾನು. ನಮ್ಮ ಏರಿಯಾದವರೇ ಆಗಿರಬೇಕು, ವಸ್ತು ಕಣ್ಣಿಂದ ನೋಡಿದ ಮೇಲೇನೇ ದುಡ್ಡು, ಅಡ್ವಾನ್ಸ್ ನೂರು ರೂಪಾಯಿನೂ ಇಲ್ಲ. ಐದಕ್ಕೆ ಮೂರೂವರೆ ಸ್ಟಾರ್ ಕೊಡ್ತೀನಿ. ಆ ಸೋಫಾ ಕೊನೆಗೆ ಪಕ್ಕದ ಬೀದಿ ಟೈಲರ್ ಆಂಟಿ ಮನೆಗೆ 4,800ಕ್ಕೆ ಹೋಯ್ತು, ಮೂರು ದಿನ ಚೌಕಾಸಿ ಮಾಡಿ, ಜೊತೆಗೆ ಎರಡು ಕುಶನ್ನೂ ಫ್ರೀಯಾಗಿ ಎತ್ಕೊಂಡು ಹೋದ್ರು.